ಭಿಕ್ಷುಸಂಘಕ್ಕೆ ದಾನ: ಗೃಹಸ್ಥರು ಅನುಸರಿಸಬೇಕಾದ ನಡಾವಳಿ ಮತ್ತು ಆಸನ ಕ್ರಮ
(ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಡಾ. ಬಿ.ಆರ್. ಅಂಬೇಡ್ಕರ್ ಅವರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ಧಮ್ಮದ ದೀಕ್ಷೆಯನ್ನು ಸ್ವೀಕರಿಸಿದರು. ಅದೇ ವರ್ಷ ಆಚಾರ್ಯ ಬುದ್ಧರಕ್ಖಿತರು ಬೆಂಗಳೂರಿನಲ್ಲಿ ಮಹಾಬೋಧಿ ಸೊಸೈಟಿಯನ್ನು ಸ್ಥಾಪಿಸಿದರು. ಕರ್ನಾಟಕದಲ್ಲಿ ಧಮ್ಮವನ್ನು ಅನುಸರಿಸುವ ಕುಟುಂಬಗಳು ಗೃಹಪ್ರವೇಶ, ಹಿರಿಯರ ಪುಣ್ಯಸ್ಮರಣೆ, ಬುದ್ಧ ಪೂರ್ಣಿಮೆ ಮುಂತಾದ ಸಂದರ್ಭಗಳಲ್ಲಿ ಭಿಕ್ಷುಗಳನ್ನು ಆಹ್ವಾನಿಸಿ, ಅವರಿಗೆ ಭೋಜನ ಹಾಗೂ ಅಗತ್ಯ ವಸ್ತುಗಳನ್ನು ಅರ್ಪಿಸಿ, ಅದರಿಂದ ದೊರೆಯುವ ಪುಣ್ಯವನ್ನು ಅಗಲಿದವರೊಂದಿಗೆ ಹಂಚಿಕೊಳ್ಳುವ ಪದ್ಧತಿಯಿದೆ. ಒಬ್ಬ ನಿರ್ದಿಷ್ಟ ಭಿಕ್ಷುವಿಗಲ್ಲದೆ ಸಂಘಕ್ಕೆ ಸಲ್ಲುವ ಇಂತಹ ದಾನಕ್ಕೆ ಸಂಘದಾನವೆಂದು ಹೆಸರು.

ಈ ಕಾರ್ಯದಲ್ಲಿ ಗೃಹಸ್ಥರ ನಡಾವಳಿಯನ್ನು ನಿರ್ಧರಿಸುವುದು ಆಡಂಬರವಲ್ಲ. ಭಿಕ್ಷುಗಳು ಪಾಲಿಸುವ ವಿನಯ ನಿಯಮಗಳು. ಭಿಕ್ಷುವು ತನ್ನ ಕೈಗೆ ಒಪ್ಪಿಸದಿರುವ ಆಹಾರವನ್ನು ತಾನಾಗಿ ತೆಗೆದುಕೊಂಡು ಸೇವಿಸುವಂತಿಲ್ಲ. ಮಧ್ಯಾಹ್ನ ಕಳೆದ ಮೇಲೆ ಊಟ ಮಾಡುವಂತಿಲ್ಲ. ಹಣವನ್ನು ಮುಟ್ಟುವಂತಿಲ್ಲ. ಸಾಮಾನ್ಯ ಅತಿಥಿಗಳನ್ನು ಸತ್ಕರಿಸುವ ರೀತಿಯಲ್ಲಿಯೇ ಭಿಕ್ಷುಗಳನ್ನು ಸತ್ಕರಿಸಲು ಮುಂದಾದಾಗ, ಎಷ್ಟೇ ಭಕ್ತಿಯಿಂದ ಸಿದ್ಧಪಡಿಸಿದ ಊಟವಾದರೂ ಅವರ ಬಾಯಿಗೆ ಸೇರದೆ ಉಳಿಯುವ ಸಂದರ್ಭ ಒದಗಬಹುದು. ಆದುದರಿಂದ ದಾಯಕರು, ಅಂದರೆ ದಾನ ನೀಡುವವರು, ಮುಂಚಿತವಾಗಿ ತಿಳಿದಿರಬೇಕಾದ ಅಂಶಗಳನ್ನು ಈ ಕೆಳಗೆ ವಿವರಿಸಲಾಗಿದೆ. ಇಲ್ಲಿನ ವಿವರಗಳು ಮುಖ್ಯವಾಗಿ ಥೇರವಾದ ಸಂಪ್ರದಾಯದ ಭಿಕ್ಷುಗಳಿಗೆ ಅನ್ವಯಿಸುತ್ತವೆ. ಬೈಲಕುಪ್ಪೆಯ ಟಿಬೆಟನ್ ಸಂಪ್ರದಾಯದ ವ್ಯತ್ಯಾಸಗಳನ್ನು 8ನೇ ಭಾಗದಲ್ಲಿ ತಿಳಿಸಲಾಗಿದೆ.

2. ಆಹ್ವಾನ ಮತ್ತು ಪೂರ್ವಸಿದ್ಧತೆ

ವಿನಯದ ಪ್ರಕಾರ ಕನಿಷ್ಠ ನಾಲ್ವರು ಭಿಕ್ಷುಗಳು ಸೇರಿದರೆ ಸಂಘವೆನಿಸುತ್ತದೆ. ಸಂಘದಾನ ಮಾಡಲಿಚ್ಛಿಸುವವರು ಪರಿಚಿತ ಭಿಕ್ಷುಗಳ ಹೆಸರನ್ನು ಸೂಚಿಸದೆ, ಸಂಘದ ಪರವಾಗಿ ನಾಲ್ವರನ್ನು ಕಳುಹಿಸಿಕೊಡುವಂತೆ ವಿಹಾರದ ಮುಖ್ಯಸ್ಥರಲ್ಲಿ ವಿನಂತಿಸಿಕೊಳ್ಳುವುದು ಸರಿಯಾದ ಕ್ರಮ. ಆಹ್ವಾನದಲ್ಲಿ ಅನ್ನ, ಪಾಯಸ ಮುಂತಾಗಿ ಊಟದ ಪದಾರ್ಥಗಳ ಹೆಸರನ್ನು ಹೇಳಬಾರದು. ಹಾಗೆ ಹೆಸರಿಸಿ ಕರೆದ ಊಟಕ್ಕೆ ನಾಲ್ವರು ಅಥವಾ ಅದಕ್ಕಿಂತ ಹೆಚ್ಚು ಭಿಕ್ಷುಗಳು ಒಟ್ಟಾಗಿ ಹೋಗಲು ನಿಯಮದಲ್ಲಿ ನಿರ್ಬಂಧವಿದೆ. "ಭಿಕ್ಷೆ ಸ್ವೀಕರಿಸಲು ದಯಮಾಡಿಸಬೇಕು" ಎಂದು ವಿನಂತಿಸಿದರೆ ಸಾಕು.

ಮಳೆಗಾಲದ ಬಗ್ಗೆ ವಿಶೇಷ ಗಮನ ಅಗತ್ಯ. ಆಷಾಢ ಹುಣ್ಣಿಮೆಯ ಮರುದಿನದಿಂದ ಮೂರು ತಿಂಗಳ ಕಾಲ ಭಿಕ್ಷುಗಳು ವರ್ಷಾವಾಸದಲ್ಲಿದ್ದು, ಒಂದೇ ಸ್ಥಳದಲ್ಲಿ ನೆಲೆಸುತ್ತಾರೆ. ಈ ಅವಧಿಯಲ್ಲಿಯೂ ದಾಯಕರು ದಾನಕ್ಕಾಗಿ ಅಥವಾ ಧಮ್ಮಶ್ರವಣಕ್ಕಾಗಿ ಹೇಳಿಕಳುಹಿಸಿದಲ್ಲಿ ಭಿಕ್ಷುವು ಏಳು ದಿನಗಳೊಳಗೆ ಹಿಂದಿರುಗುವಂತೆ ಹೊರಗೆ ಹೋಗಿಬರಲು ಅವಕಾಶವಿದೆ. ಆದರೆ ಸಕಲೇಶಪುರದ ಭಾಗದಲ್ಲಿ ಅದೇ ತಿಂಗಳುಗಳಲ್ಲಿ ಮಳೆ ಹೆಚ್ಚಾಗಿದ್ದು, ಗುಡ್ಡ ಕುಸಿತದಿಂದ ರಸ್ತೆ ಸಂಚಾರಕ್ಕೆ ಅಡಚಣೆಯಾಗುವುದುಂಟು. ಹಿಂದಿರುಗುವ ದಿನ ತಪ್ಪಿದರೆ ಭಿಕ್ಷುವಿನ ವರ್ಷಾವಾಸಕ್ಕೆ ಭಂಗ ಬರುವ ಸಾಧ್ಯತೆಯಿರುವುದರಿಂದ, ದಿನಾಂಕವನ್ನು ಬದಲಾಯಿಸಲು ಸಾಧ್ಯವಿರುವ ಕಾರ್ಯಗಳನ್ನು ಮಳೆಗಾಲದ ನಂತರ ಇಟ್ಟುಕೊಳ್ಳುವುದು ಒಳಿತು.

ಬೆಂಗಳೂರಿನಿಂದ ಸಕಲೇಶಪುರಕ್ಕೆ ಸುಮಾರು 220 ಕಿ.ಮೀ. ದೂರವಿದೆ. ಅದೇ ದಿನ ಬೆಳಿಗ್ಗೆ ಹೊರಟು ಮಧ್ಯಾಹ್ನದೊಳಗೆ ಎಲ್ಲ ವಿಧಿಗಳನ್ನೂ ಮುಗಿಸುವುದು ಕಷ್ಟ. ಆದುದರಿಂದ ಭಿಕ್ಷುಗಳನ್ನು ಹಿಂದಿನ ದಿನವೇ ಬರಮಾಡಿಕೊಳ್ಳುವುದು ಸೂಕ್ತ. ಪ್ರಯಾಣದ ಚೀಟಿಯನ್ನು ದಾಯಕರೇ ಕೊಂಡು ಕಳುಹಿಸಬೇಕು ಅಥವಾ ವಾಹನ ಸಮೇತ ಒಬ್ಬ ಪುರುಷ ಸಹಾಯಕರನ್ನು ಕಳುಹಿಸಬೇಕು. ಹೆಂಗಸರು ಮಲಗುವ ಮನೆಯಲ್ಲಿ ಭಿಕ್ಷುಗಳು ರಾತ್ರಿ ಮಲಗುವಂತಿಲ್ಲವಾದ್ದರಿಂದ, ತಂಗಲು ಪ್ರತ್ಯೇಕ ಮನೆಯನ್ನು ಅಥವಾ ಸಮುದಾಯ ಭವನವನ್ನು ಏರ್ಪಡಿಸಬೇಕಾಗುತ್ತದೆ. ಭವನಕ್ಕಾಗಿ ಅರ್ಜಿ ಸಲ್ಲಿಸುವಾಗ ಕಾರ್ಯಕ್ರಮದ ದಿನವನ್ನು ಮಾತ್ರವಲ್ಲದೆ ಹಿಂದಿನ ದಿನದ ಮಧ್ಯಾಹ್ನದಿಂದ ಕಾಯ್ದಿರಿಸುವಂತೆ ನಮೂದಿಸತಕ್ಕದ್ದು. ಧ್ವನಿವರ್ಧಕ ಬಳಸುವುದಿದ್ದಲ್ಲಿ ಪ್ರತ್ಯೇಕವಾಗಿ ಲಿಖಿತ ಅನುಮತಿಯನ್ನು ಪಡೆಯಬೇಕು.

ನಸುಕಿನಲ್ಲಿ ಭಿಕ್ಷುಗಳು ನಡೆದಾಡುವ ರೂಢಿಯಿರುತ್ತದೆ. ಈ ಎರಡು ತಾಲ್ಲೂಕುಗಳ ತೋಟದ ರಸ್ತೆಗಳಲ್ಲಿ ಕಾಡಾನೆಗಳ ಸಂಚಾರವಿರುವುದರಿಂದ ಹಿಂದಿನ ಸಂಜೆಯೇ ಅರಣ್ಯ ಇಲಾಖೆಯ ಸಿಬ್ಬಂದಿಯಿಂದ ಮಾಹಿತಿ ಪಡೆದು, ಬೆಳಕು ಹರಿಯುವ ಮುನ್ನ ಒಂಟಿಯಾಗಿ ಹೊರಗೆ ಹೋಗದಂತೆ ಅವರಿಗೆ ತಿಳಿಸಬೇಕು.

3. ಆಸನ ಕ್ರಮ

ಆಸನಗಳು ಮೂರು ಹಂತಗಳಲ್ಲಿರಬೇಕು. ಎಲ್ಲಕ್ಕಿಂತ ಎತ್ತರದಲ್ಲಿ ಬುದ್ಧಮೂರ್ತಿ, ಅದಕ್ಕಿಂತ ತಗ್ಗಿನಲ್ಲಿ ಭಿಕ್ಷುಗಳು, ಅವರಿಗಿಂತಲೂ ತಗ್ಗಿನಲ್ಲಿ ಗೃಹಸ್ಥರು. ಇದಕ್ಕೆ ವೇದಿಕೆಯೇ ಬೇಕೆಂದಿಲ್ಲ. ಚಿಕ್ಕ ಮನೆಗಳಲ್ಲಿ ಗೋಡೆಯುದ್ದಕ್ಕೂ ಮಡಿಸಿದ ಜಮಖಾನ ಹಾಸಿ, ಅದರ ಮೇಲೆ ಒಗೆದ ಬಿಳಿ ಬಟ್ಟೆ ಹೊದಿಸಿದರೆ ಭಿಕ್ಷುಗಳ ಆಸನ ಸಿದ್ಧವಾಗುತ್ತದೆ. ಗೃಹಸ್ಥರು ಅದರ ಎದುರಿಗೆ ಚಾಪೆಯ ಮೇಲೆ ಕುಳಿತುಕೊಳ್ಳಬಹುದು. ಭಿಕ್ಷುಗಳು ಕುಳಿತಿರುವ ಅದೇ ಹಾಸಿನ ತುದಿಯಲ್ಲಿ ಗೃಹಸ್ಥರು ಕುಳಿತುಕೊಳ್ಳಬಾರದು.

ಭಿಕ್ಷುಗಳಲ್ಲಿ ಹಿರಿತನವನ್ನು ವಯಸ್ಸಿನಿಂದ ಎಣಿಸುವುದಿಲ್ಲ. ಉಪಸಂಪದೆ ಪಡೆದ ನಂತರ ಪೂರೈಸಿದ ವರ್ಷಾವಾಸಗಳ ಸಂಖ್ಯೆಯಿಂದ ಎಣಿಸಲಾಗುತ್ತದೆ. ಮೂವತ್ತು ವರ್ಷ ಪ್ರಾಯದ ಭಿಕ್ಷುವು ಅರವತ್ತು ವರ್ಷ ಪ್ರಾಯದವರಿಗಿಂತ ಹಿರಿಯರಾಗಿರಬಹುದು. ಬುದ್ಧಮೂರ್ತಿಗೆ ಸಮೀಪದ ಮೊದಲ ಆಸನ ಅತ್ಯಂತ ಹಿರಿಯರಿಗೆ ಸಲ್ಲುತ್ತದೆ, ಉಳಿದವರು ಕ್ರಮವಾಗಿ ಕುಳಿತುಕೊಳ್ಳುತ್ತಾರೆ, ಸಾಮಣೇರರು ಕೊನೆಯಲ್ಲಿರುತ್ತಾರೆ. ದಾಯಕರು ನರೆತ ಕೂದಲನ್ನು ನೋಡಿ ಯಾರನ್ನೂ ಮುಂದೆ ಕೂರಿಸಲು ಹೋಗದೆ, ಆಸನಗಳನ್ನು ತೋರಿಸಿ ಸುಮ್ಮನಿರುವುದು ಮೇಲು. ಬಡಿಸುವಾಗಲೂ ಈ ಕ್ರಮವನ್ನೇ ಅನುಸರಿಸಬೇಕು.

ಗೃಹಸ್ಥರು ಕುಳಿತುಕೊಳ್ಳುವ ರೀತಿಗೂ ವಿನಯಕ್ಕೂ ಸಂಬಂಧವಿದೆ. ಕೇಳುವವರು ತನಗಿಂತ ಎತ್ತರದ ಆಸನದಲ್ಲಿ ಕುಳಿತಿದ್ದರೆ, ಪಾದರಕ್ಷೆ ಧರಿಸಿದ್ದರೆ, ತಲೆಗೆ ರುಮಾಲು ಸುತ್ತಿದ್ದರೆ ಅಥವಾ ಮುಸುಕು ಹಾಕಿದ್ದರೆ, ಕೈಯಲ್ಲಿ ಕೊಡೆ, ಕೋಲು, ಕತ್ತಿ ಹಿಡಿದಿದ್ದರೆ ಭಿಕ್ಷುವು ಅವರಿಗೆ ಧಮ್ಮವನ್ನು ಬೋಧಿಸುವಂತಿಲ್ಲ. ತೋಟದ ಕೆಲಸದಿಂದ ನೇರವಾಗಿ ಬರುವವರು ಕತ್ತಿ, ಕೊಡೆ, ಕಂಬಳಿಕೊಪ್ಪೆ ಮತ್ತು ಗೊರಬುಗಳನ್ನು ಜಗಲಿಯಲ್ಲಿಯೇ ಇಟ್ಟು, ಕಾಲು ತೊಳೆದು ಒಳಗೆ ಬರಬೇಕೆಂಬುದಕ್ಕೆ ಇದೇ ಕಾರಣ. ಚಳಿಗಾಗಿ ಧರಿಸಿದ ಉಣ್ಣೆಯ ಟೋಪಿಯನ್ನೂ ಪ್ರವಚನದ ವೇಳೆ ತೆಗೆಯಬೇಕು.

ಈ ನಿಯಮಗಳಲ್ಲಿ ಅಸ್ವಸ್ಥರಿಗೆ ವಿನಾಯಿತಿಯಿದೆ. ಮಂಡಿನೋವಿನಿಂದ ನೆಲದ ಮೇಲೆ ಕುಳಿತುಕೊಳ್ಳಲಾಗದ ವೃದ್ಧರು ಹಿಂಭಾಗದಲ್ಲಿ ಅಥವಾ ಪಕ್ಕದಲ್ಲಿ ಕುರ್ಚಿಯ ಮೇಲೆ ಕುಳಿತುಕೊಳ್ಳಬಹುದು. ಇದನ್ನು ಅಗೌರವವೆಂದು ಯಾರೂ ಭಾವಿಸಬೇಕಾಗಿಲ್ಲ. ಉಳಿದವರು ಬುದ್ಧಮೂರ್ತಿ ಮತ್ತು ಭಿಕ್ಷುಗಳ ಕಡೆಗೆ ಕಾಲು ಚಾಚದೆ ಕುಳಿತುಕೊಳ್ಳಬೇಕು. ಭಿಕ್ಷುಗಳು ಆಸನ ಸ್ವೀಕರಿಸಿದ ನಂತರ ಮಂಡಿಯೂರಿ, ಹಣೆ ಮತ್ತು ಮುಂಗೈಗಳು ನೆಲಕ್ಕೆ ತಾಗುವಂತೆ ಮೂರು ಬಾರಿ ವಂದಿಸುವುದು ರೂಢಿ. ಭಿಕ್ಷುಗಳನ್ನು "ಭಂತೇ" ಎಂದು ಸಂಬೋಧಿಸಬೇಕು. ಅವರು ಪ್ರತಿನಮಸ್ಕಾರ ಮಾಡದಿರುವುದು ನಿಯಮವೇ ಹೊರತು ಅನಾದರವಲ್ಲ.

4. ಭೋಜನದ ಸಮಯ

ಭಿಕ್ಷುಗಳು ಬೆಳಕು ಹರಿದಂದಿನಿಂದ ಸೂರ್ಯನು ನೆತ್ತಿಗೆ ಬರುವವರೆಗೆ ಮಾತ್ರ ಊಟ ಮಾಡುತ್ತಾರೆ. ಊಟವು ಆ ವೇಳೆಗೆ ಆರಂಭವಾದರೆ ಸಾಲದು, ಮುಗಿದಿರಬೇಕು. ಸಕಲೇಶಪುರವು ಭಾರತೀಯ ಕಾಲಮಾನದ ರೇಖೆಯಿಂದ ಪಶ್ಚಿಮಕ್ಕಿರುವುದರಿಂದ ಇಲ್ಲಿ ಸೂರ್ಯನು ನೆತ್ತಿಗೆ ಬರುವುದು ಗಡಿಯಾರದ 12 ಗಂಟೆಯ ನಂತರವೇ. ನವೆಂಬರ್ ಮೊದಲ ವಾರದಲ್ಲಿ ಸುಮಾರು 12 ಗಂಟೆ 10 ನಿಮಿಷಕ್ಕೂ, ಫೆಬ್ರವರಿ ಎರಡನೇ ವಾರದಲ್ಲಿ ಸುಮಾರು 12 ಗಂಟೆ 41 ನಿಮಿಷಕ್ಕೂ ಇಲ್ಲಿ ನಡುಹಗಲಾಗುತ್ತದೆ. ಆದರೆ ಗಡಿಯಾರದ 12 ಗಂಟೆಯನ್ನೇ ಮಿತಿಯೆಂದು ಪಾಲಿಸುವ ಭಿಕ್ಷುಗಳೂ ಇದ್ದಾರೆ. ಆದ್ದರಿಂದ ದಾಯಕರು 11 ಗಂಟೆಗೆ ಬಡಿಸಲು ಆರಂಭಿಸುವಂತೆ ಯೋಜಿಸಿ, ಹೆಚ್ಚುವರಿ ನಿಮಿಷಗಳನ್ನು ಅಡಚಣೆಗಳಿಗಾಗಿ ಮೀಸಲಿಡುವುದು ಕ್ಷೇಮ.

ಈ ಮಿತಿ ಮೀರಿದರೆ ಭಿಕ್ಷುಗಳು ಮರುದಿನ ಬೆಳಗಿನವರೆಗೆ ಉಪವಾಸವಿರಬೇಕಾಗುತ್ತದೆ. ಹಿರಿಯ ಭಿಕ್ಷುಗಳು ಸೌಜನ್ಯದಿಂದ ಆತುರಪಡಿಸದೆ ಸುಮ್ಮನೆ ಕುಳಿತಿರಬಹುದು. ಅವರ ಮೌನವನ್ನು ಕಾಲಾವಕಾಶವಿದೆಯೆಂದು ಅರ್ಥ ಮಾಡಿಕೊಳ್ಳಬಾರದು. ಗಡಿಯಾರವನ್ನು ನೋಡಿಕೊಳ್ಳುವ ಕೆಲಸವನ್ನು ಮನೆಯ ಒಬ್ಬರಿಗೆ ವಹಿಸುವುದು ಉಪಯುಕ್ತ.

ಮಧ್ಯಾಹ್ನದ ನಂತರ ಹಾಲು ಬೆರೆಸಿದ ಕಾಫಿ, ಚಹಾ ನೀಡಬಾರದು. ಬಹುತೇಕ ಥೇರವಾದ ವಿಹಾರಗಳಲ್ಲಿ ಹಾಲನ್ನು ಆಹಾರವೆಂದೇ ಪರಿಗಣಿಸಲಾಗುತ್ತದೆ. ಬೆಲ್ಲದ ಕಪ್ಪು ಕಾಫಿ, ತಿರುಳಿಲ್ಲದಂತೆ ಸೋಸಿದ ಹಣ್ಣಿನ ಪಾನಕ, ಬಿಸಿನೀರಿನಲ್ಲಿ ಜೇನುತುಪ್ಪ ಇವುಗಳನ್ನು ಕೇಳಿಕೊಂಡು ನೀಡಬಹುದು. ತುಪ್ಪ, ಬೆಣ್ಣೆ, ಎಣ್ಣೆ, ಜೇನುತುಪ್ಪ ಮತ್ತು ಬೆಲ್ಲ ಅಥವಾ ಸಕ್ಕರೆ ಈ ಐದನ್ನು ಭಿಕ್ಷುವು ಸ್ವೀಕರಿಸಿದ ದಿನದಿಂದ ಏಳು ದಿನಗಳವರೆಗೆ ಔಷಧವಾಗಿ ಇಟ್ಟುಕೊಳ್ಳಬಹುದು. ಮಲೆನಾಡಿನ ಜೇನುತುಪ್ಪವನ್ನು ಅರ್ಪಿಸುವವರು ದೊಡ್ಡ ಡಬ್ಬಿಗಿಂತ ಏಳು ದಿನಗಳಲ್ಲಿ ಮುಗಿಯುವಷ್ಟು ಚಿಕ್ಕ ಸೀಸೆಯಲ್ಲಿ ಅರ್ಪಿಸುವುದು ಪ್ರಯೋಜನಕರ.

5. ಭೋಜನವನ್ನು ಅರ್ಪಿಸುವ ವಿಧಾನ

ಅಡುಗೆಯನ್ನು ಭಿಕ್ಷುಗಳ ಮುಂದೆ ತಂದಿಟ್ಟ ಮಾತ್ರಕ್ಕೆ ದಾನವಾಗುವುದಿಲ್ಲ. ಅದನ್ನು ಒಪ್ಪಿಸಬೇಕು. ಒಪ್ಪಿಸುವವರು ಭಿಕ್ಷುವಿನಿಂದ ಎರಡೂವರೆ ಮೊಳದೊಳಗೆ ಇರಬೇಕು. ಪಾತ್ರೆಯು ಸಾಧಾರಣ ಶಕ್ತಿಯುಳ್ಳ ಒಬ್ಬ ವ್ಯಕ್ತಿಯು ಎತ್ತಬಹುದಾದಷ್ಟು ಭಾರವಿರಬೇಕು. ಅದನ್ನು ಎರಡೂ ಕೈಗಳಿಂದ ಎತ್ತಿ, ಕೊಡುವ ಭಾವ ಸ್ಪಷ್ಟವಾಗುವಂತೆ ಮುಂದಕ್ಕೆ ಚಾಚಬೇಕು. ಭಿಕ್ಷುವು ಕೈಯಿಂದ ಅಥವಾ ತಾನು ಹಿಡಿದಿರುವ ಪಾತ್ರೆ, ಬಟ್ಟೆಗಳಿಂದ ಸ್ವೀಕರಿಸಿದಾಗ ದಾನ ಪೂರ್ಣಗೊಳ್ಳುತ್ತದೆ. ಇಬ್ಬರು ಹಿಡಿದು ತರಬೇಕಾದ ಅನ್ನದ ಹಂಡೆಯನ್ನು ಹಾಗೆಯೇ ಒಪ್ಪಿಸಲಾಗದು. ಚಿಕ್ಕ ಪಾತ್ರೆಗಳಿಗೆ ಹಂಚಿಕೊಳ್ಳಬೇಕು.

ಈ ಭಾಗದ ಊಟದಲ್ಲಿ ನೆಲದ ಮೇಲೆ ಬಾಳೆ ಎಲೆ ಹಾಸಿ, ಎಲ್ಲವನ್ನೂ ಬಡಿಸಿದ ನಂತರ ಅತಿಥಿಗಳನ್ನು ಕೂರಿಸುವ ಪದ್ಧತಿಯಿದೆ. ಭಿಕ್ಷುಗಳ ವಿಷಯದಲ್ಲಿ ಇದು ಹೊಂದುವುದಿಲ್ಲ, ಏಕೆಂದರೆ ಮೊದಲೇ ಬಡಿಸಿಟ್ಟ ಎಲೆಯನ್ನು ಯಾರೂ ಅವರ ಕೈಗೆ ಕೊಟ್ಟಿರುವುದಿಲ್ಲ. ತಟ್ಟೆಯಲ್ಲಿ ಅಥವಾ ಪಿಂಡಪಾತ್ರೆಯಲ್ಲಿ ಬಡಿಸುವುದು ಸುಲಭ. ಭಿಕ್ಷುವು ಹಿಡಿದಿರುವ ಪಾತ್ರೆಗೆ ಸೌಟಿನಿಂದ ಬಡಿಸಿದರೆ ಅದು ಒಪ್ಪಿಸಿದಂತೆಯೇ ಆಗುತ್ತದೆ. ಉಪ್ಪು, ಉಪ್ಪಿನಕಾಯಿಯಂತಹ ಚಿಕ್ಕ ಪದಾರ್ಥಗಳನ್ನೂ ಹೀಗೆಯೇ ಕೊಡಬೇಕು. ಕುಡಿಯುವ ಶುದ್ಧ ನೀರಿಗೆ ಈ ನಿರ್ಬಂಧವಿಲ್ಲ.

ಒಮ್ಮೆ ಒಪ್ಪಿಸಿದ ಪಾತ್ರೆಯನ್ನು ಗೃಹಸ್ಥರು ಮತ್ತೆ ಮುಟ್ಟದಿರುವುದು ಪದ್ಧತಿ. ಸರಿಯಾಗಿ ಜೋಡಿಸುವ ಉದ್ದೇಶದಿಂದ ತಟ್ಟೆಯನ್ನು ಸರಿಸಿದರೆ ಅಥವಾ ಮಗುವೊಂದು ಅದರಿಂದ ಏನನ್ನಾದರೂ ತೆಗೆದುಕೊಂಡರೆ ಭಿಕ್ಷುವು ಕೈ ಹಿಂದೆಗೆದು ಕುಳಿತುಕೊಳ್ಳಬಹುದು. ಊಟ ರುಚಿಸಲಿಲ್ಲವೆಂದು ದಾಯಕರು ತಪ್ಪು ತಿಳಿಯುವುದು ಇಂತಹ ಸಂದರ್ಭದಲ್ಲಿಯೇ. ಪಾತ್ರೆಯನ್ನು ಪುನಃ ಎತ್ತಿ ಒಪ್ಪಿಸಿದರೆ ಲೋಪ ಸರಿಹೋಗುತ್ತದೆ. ಬೇರೆ ಯಾವ ಪ್ರಾಯಶ್ಚಿತ್ತವೂ ಬೇಕಾಗಿಲ್ಲ.

ಕಿತ್ತಳೆ, ಸೀಬೆ ಮುಂತಾದ, ಮೊಳೆಯಬಲ್ಲ ಬೀಜವಿರುವ ಹಣ್ಣುಗಳನ್ನು ಅರ್ಪಿಸುವ ಮೊದಲು ಗೃಹಸ್ಥರೊಬ್ಬರು ಚಾಕುವಿನಿಂದ ಅಥವಾ ಉಗುರಿನಿಂದ ಒಂದು ಗುರುತು ಮಾಡಬೇಕಾಗುತ್ತದೆ. ಭಿಕ್ಷುವು ಸಸ್ಯಗಳಿಗೆ ಹಾನಿ ಮಾಡಬಾರದೆಂಬ ನಿಯಮ ಇದಕ್ಕೆ ಆಧಾರ. ಹಣ್ಣುಗಳು ಒಂದಕ್ಕೊಂದು ತಾಗಿಕೊಂಡು ಒಂದೇ ರಾಶಿಯಲ್ಲಿದ್ದರೆ ಒಂದು ಹಣ್ಣಿಗೆ ಗುರುತು ಮಾಡಿದರೆ ಸಾಕು. ಇದೇ ಕಾರಣದಿಂದ, ತೋಟವನ್ನು ತೋರಿಸುವಾಗ ಏಲಕ್ಕಿ ಅಥವಾ ಮೆಣಸನ್ನು ಕಿತ್ತು ನೋಡುವಂತೆ ಭಿಕ್ಷುಗಳನ್ನು ಒತ್ತಾಯಿಸಬಾರದು.

6. ಅರ್ಪಿಸಬಹುದಾದ ಮತ್ತು ಅರ್ಪಿಸಬಾರದ ವಸ್ತುಗಳು

ಭಿಕ್ಷುಗಳಿಗಾಗಿ ಕೋಳಿ, ಕುರಿಗಳನ್ನು ಕೊಲ್ಲಬಾರದು. ತನಗಾಗಿ ಕೊಂದದ್ದೆಂದು ಕಂಡ, ಕೇಳಿದ ಅಥವಾ ಸಂಶಯಪಟ್ಟ ಮಾಂಸವನ್ನು ಭಿಕ್ಷುವು ಸ್ವೀಕರಿಸುವಂತಿಲ್ಲ. ಅಲ್ಲದೆ, ಅದೇ ಬೆಳಿಗ್ಗೆ ಪಂಚಶೀಲವನ್ನು ಸ್ವೀಕರಿಸುವ ಮನೆಯಲ್ಲಿ ಪ್ರಾಣಿಹತ್ಯೆ ನಡೆಯುವುದು ಮೊದಲನೇ ಶೀಲಕ್ಕೆ ವಿರುದ್ಧವಾಗುತ್ತದೆ. ಸಸ್ಯಾಹಾರವು ಎಲ್ಲ ದೃಷ್ಟಿಯಿಂದಲೂ ನಿರಾತಂಕ. ಅಕ್ಕಿ ರೊಟ್ಟಿ, ಕಡುಬು, ಅನ್ನ, ಸೊಪ್ಪಿನ ಸಾರು, ಪಲ್ಯ, ಮಜ್ಜಿಗೆ ಇಷ್ಟೇ ಇದ್ದರೂ ದಾನಕ್ಕೆ ಕೊರತೆಯಿಲ್ಲ.

ಹಸಿ ಅಕ್ಕಿ, ಬೇಳೆಗಳನ್ನು ಭಿಕ್ಷುವಿನ ಕೈಗೆ ಕೊಡುವಂತಿಲ್ಲ. ವಿಹಾರದ ಅಡುಗೆಮನೆಯ ಹೊಣೆ ಹೊತ್ತ ಗೃಹಸ್ಥರಿಗೆ ಒಪ್ಪಿಸಬೇಕು. ಹಣದ ವಿಷಯವೂ ಹೀಗೆಯೇ. ಪಾತ್ರೆಯೊಳಗೆ ಅಥವಾ ಪಾದದ ಬಳಿ ನೋಟುಗಳನ್ನು ಇಡಬಾರದು. ಭಿಕ್ಷುಗಳ ಅಗತ್ಯಗಳನ್ನು ನೋಡಿಕೊಳ್ಳುವ ಗೃಹಸ್ಥನಿಗೆ ಕಪ್ಪಿಯಕಾರಕನೆಂದು ಹೆಸರು. ಹಣವನ್ನು ಅವರಿಗೆ ಅಥವಾ ವಿಹಾರದ ಕಚೇರಿಗೆ ನೀಡಿ ರಸೀದಿ ಪಡೆದು, ಅಗತ್ಯ ವಸ್ತುಗಳಿಗೆ ಇಂತಹವರಲ್ಲಿ ವ್ಯವಸ್ಥೆ ಮಾಡಲಾಗಿದೆಯೆಂದು ಭಿಕ್ಷುವಿಗೆ ತಿಳಿಸಿದರೆ ಸಾಕು.

ವಸ್ತುರೂಪದಲ್ಲಿ ಅರ್ಪಿಸುವವರಿಗೆ ಭಿಕ್ಷುವಿನ ಎಂಟು ಪರಿಕರಗಳು ಮಾರ್ಗದರ್ಶಿಯಾಗಿವೆ: ಮೂರು ಚೀವರಗಳು, ಪಿಂಡಪಾತ್ರೆ, ಕ್ಷೌರದ ಕತ್ತಿ, ಸೂಜಿ, ಸೊಂಟಪಟ್ಟಿ ಮತ್ತು ನೀರು ಸೋಸುವ ಬಟ್ಟೆ. ಇವೆಲ್ಲವನ್ನೂ ಕೊಡಬೇಕೆಂದಿಲ್ಲ. ಸಾಬೂನು, ಹಲ್ಲುಪುಡಿ, ಔಷಧ, ಕೊಡೆ ಇವೂ ಉಪಯುಕ್ತ. ಚೀವರದ ಬಣ್ಣ ಮತ್ತು ಅಳತೆಗಳು ಸಂಪ್ರದಾಯಕ್ಕನುಗುಣವಾಗಿ ಬೇರೆಯಾಗುವುದರಿಂದ ಕೊಳ್ಳುವ ಮೊದಲು ವಿಹಾರವನ್ನು ವಿಚಾರಿಸತಕ್ಕದ್ದು. ಕಠಿನ ಚೀವರ ದಾನವು ಪ್ರತ್ಯೇಕ ವಿಧಿಯಾಗಿದ್ದು, ವರ್ಷಾವಾಸ ಮುಗಿದ ನಂತರದ ಒಂದು ತಿಂಗಳಲ್ಲಿ ಮಾತ್ರ ನಡೆಯುತ್ತದೆ.

7. ಒಂದು ಉದಾಹರಣೆ

ಆಲೂರು ತಾಲ್ಲೂಕಿನ ಕಾಫಿ ತೋಟವೊಂದರ ಲೈನ್ ಮನೆಯಲ್ಲಿ ವಾಸಿಸುವ ಕುಟುಂಬವು ತಾಯಿಯ ಪ್ರಥಮ ವರ್ಷದ ಪುಣ್ಯಸ್ಮರಣೆಗಾಗಿ ಬೆಂಗಳೂರಿನಿಂದ ನಾಲ್ವರು ಭಿಕ್ಷುಗಳನ್ನು ಆಹ್ವಾನಿಸಿದೆಯೆಂದು ಭಾವಿಸೋಣ. ಕಾಫಿ ಕೊಯ್ಲಿನ ಕಾಲವಾದ್ದರಿಂದ ರಜೆಯಿರುವ ಜನವರಿಯ ಒಂದು ಭಾನುವಾರವನ್ನು ಆರಿಸಿಕೊಳ್ಳಲಾಗಿದೆ. ಮನೆ ಚಿಕ್ಕದಾದ ಕಾರಣ ಸಮೀಪದ ಸಮುದಾಯ ಭವನವನ್ನು ಶನಿವಾರ ಮಧ್ಯಾಹ್ನದಿಂದ ಕಾಯ್ದಿರಿಸಲಾಗಿದೆ.

ಶನಿವಾರ ಸಂಜೆ ಭಿಕ್ಷುಗಳು ತಲುಪಿದಾಗ ಬೆಲ್ಲದ ಕಪ್ಪು ಕಾಫಿಯನ್ನು ಮಾತ್ರ ನೀಡಲಾಗುತ್ತದೆ. ಭಾನುವಾರ ಬೆಳಕು ಹರಿದ ನಂತರ, ಸುಮಾರು 7 ಗಂಟೆ 15 ನಿಮಿಷಕ್ಕೆ ಗಂಜಿ ಮತ್ತು ಕಡುಬಿನ ಉಪಾಹಾರವನ್ನು ಒಪ್ಪಿಸಲಾಗುತ್ತದೆ. 9 ಗಂಟೆ 30 ನಿಮಿಷಕ್ಕೆ ಎಲ್ಲರೂ ಆಸೀನರಾಗುತ್ತಾರೆ. ಕುಟುಂಬದ ಹಿರಿಯರು ತ್ರಿಶರಣ ಮತ್ತು ಪಂಚಶೀಲಗಳನ್ನು ನೀಡುವಂತೆ ಹಿರಿಯ ಭಿಕ್ಷುವನ್ನು ಪ್ರಾರ್ಥಿಸಿ, ಉಳಿದವರೊಂದಿಗೆ ಅವುಗಳನ್ನು ಪುನರುಚ್ಚರಿಸುತ್ತಾರೆ. ನಂತರ ಪರಿತ್ರಾಣ ಪಠಣ ಮತ್ತು ಚಿಕ್ಕ ಪ್ರವಚನ ನಡೆಯುತ್ತವೆ.

10 ಗಂಟೆ 50 ನಿಮಿಷವಾದರೂ ಮೃತರ ತಮ್ಮನ ಕುಟುಂಬವು ಬಂದಿರುವುದಿಲ್ಲ. ಜೀಪು ದಾರಿಯಲ್ಲಿ ಕೆಟ್ಟಿದೆಯೆಂಬ ಸುದ್ದಿ ಬರುತ್ತದೆ. ಸೋದರಮಾವ ಬರುವವರೆಗೆ ಕಾಯಬೇಕೆಂಬುದು ಕೆಲವರ ಅಭಿಪ್ರಾಯ. ಇಂತಹ ಸಂದರ್ಭದಲ್ಲಿ ಕಾಯದೆ ಭೋಜನದಾನವನ್ನು ಆರಂಭಿಸುವುದೇ ಸರಿ. ತಡವಾಗಿ ಬಂದವರು ಪುಣ್ಯಾನುಮೋದನೆಯಲ್ಲಿ ಪಾಲ್ಗೊಂಡರೆ ಅವರಿಗೂ ಕಾರ್ಯದಲ್ಲಿ ಪಾಲು ದೊರೆಯುತ್ತದೆ. ಕಾಯುವುದರಿಂದ ಊಟದ ವೇಳೆ ಮೀರಿದರೆ ಅದನ್ನು ಸರಿಪಡಿಸಲು ಮಾರ್ಗವಿಲ್ಲ.

11 ಗಂಟೆಗೆ ಬುದ್ಧಮೂರ್ತಿಯ ಮುಂದೆ ಒಂದು ಚಿಕ್ಕ ತಟ್ಟೆಯಲ್ಲಿ ಊಟದ ಭಾಗವನ್ನು ಇಟ್ಟು, ನಂತರ ಹಿರಿಯ ಭಿಕ್ಷುವಿನಿಂದ ಆರಂಭಿಸಿ ಬಡಿಸಲಾಗುತ್ತದೆ. ಮೊಮ್ಮಗುವೊಂದು ಎರಡನೆಯವರ ತಟ್ಟೆಯಿಂದ ಬಾಳೆಹಣ್ಣನ್ನು ತೆಗೆದುಕೊಳ್ಳುತ್ತದೆ. ಮಗುವನ್ನು ಗದರಿಸದೆ, ತಟ್ಟೆಯನ್ನು ಎತ್ತಿ ಮತ್ತೊಮ್ಮೆ ಒಪ್ಪಿಸಲಾಗುತ್ತದೆ. ಊಟದ ವೇಳೆ ದಾಯಕರು ಕುಶಲ ಸಂಭಾಷಣೆಗೆ ತೊಡಗದೆ, ಬೇಕಾದುದನ್ನು ಬಡಿಸುತ್ತಾ ಸಮೀಪದಲ್ಲಿರುತ್ತಾರೆ. 11 ಗಂಟೆ 45 ನಿಮಿಷಕ್ಕೆ ಊಟ ಮುಗಿಯುತ್ತದೆ. ಬಂಧುವೊಬ್ಬರು 500 ರೂಪಾಯಿಯ ನೋಟನ್ನು ಪಿಂಡಪಾತ್ರೆಯ ಮೇಲಿಡಲು ಬಂದಾಗ, ಜೊತೆಯಲ್ಲಿ ಬಂದಿರುವ ಕಪ್ಪಿಯಕಾರಕರು ಅದನ್ನು ಪಡೆದು ರಸೀದಿ ಬರೆದುಕೊಡುತ್ತಾರೆ.

ಕೊನೆಯದು ಪುಣ್ಯಾನುಮೋದನೆ. ತಟ್ಟೆಯಲ್ಲಿಟ್ಟ ಚಿಕ್ಕ ಬಟ್ಟಲಿಗೆ ಹಿರಿಯ ಮಗ ಮತ್ತು ಮಗಳು ಚೊಂಬಿನಿಂದ ನಿಧಾನವಾಗಿ, ಧಾರೆ ಕಡಿಯದಂತೆ ನೀರನ್ನು ಸುರಿಯುತ್ತಾರೆ. ಉಳಿದವರು ಅವರ ತೋಳನ್ನು ಮುಟ್ಟಿಕೊಂಡು ಕುಳಿತಿರುತ್ತಾರೆ. ಭಿಕ್ಷುಗಳ ಪಠಣ ನಡೆಯುತ್ತಿರುವಂತೆ ಬಟ್ಟಲು ತುಂಬಿ ನೀರು ತಟ್ಟೆಗೆ ಹರಿಯುತ್ತದೆ. ಮಾಡಿದ ದಾನದ ಪುಣ್ಯವು ಅಗಲಿದ ತಾಯಿಗೆ ತಲುಪಲೆಂದು ಎಲ್ಲರೂ ಮನಸ್ಸಿನಲ್ಲಿ ಹಾರೈಸುತ್ತಾರೆ. ಜೀಪಿನವರು ಬಂದು ಸೇರುವುದೂ ಇದೇ ವೇಳೆಗೆ. ಸೋದರಮಾವ ಕೈಕಾಲು ತೊಳೆದು ಬಂದು ಸೊಸೆಯ ತೋಳನ್ನು ಮುಟ್ಟಿ ಕುಳಿತುಕೊಳ್ಳುತ್ತಾರೆ. ಆ ನೀರನ್ನು ನಂತರ ಮರದ ಬುಡಕ್ಕೆ ಹಾಕಲಾಗುತ್ತದೆ. ಗೃಹಸ್ಥರ ಊಟ ಇದಾದ ಮೇಲೆ.

ಇದನ್ನು ಶ್ರಾದ್ಧವೆಂದು ಭಾವಿಸಬಾರದು. ಶ್ರಾದ್ಧ ಮತ್ತು ಪಿಂಡಪ್ರದಾನ ಮಾಡುವುದಿಲ್ಲವೆಂಬುದು 1956ರಲ್ಲಿ ಡಾ. ಅಂಬೇಡ್ಕರ್ ಅವರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಒಂದಾಗಿದೆ. ಇಲ್ಲಿ ಆಹಾರವು ಮೃತರಿಗೆ ಸಲ್ಲುವುದಿಲ್ಲ, ಜೀವಂತವಿರುವ ಸಂಘಕ್ಕೆ ಸಲ್ಲುತ್ತದೆ. ಮೃತರೊಂದಿಗೆ ಹಂಚಿಕೊಳ್ಳುವುದು ಆ ಕಾರ್ಯದ ಪುಣ್ಯವನ್ನು ಮಾತ್ರ. ಭಾವಚಿತ್ರದ ಮುಂದೆ ಹೂವು, ದೀಪ ಇಡಲು ಅಡ್ಡಿಯಿಲ್ಲ; ಹಿರಿಯರಿಗೆಂದು ಮದ್ಯಮಾಂಸಗಳ ಎಡೆ ಇಡುವುದು ಈ ಕಾರ್ಯಕ್ಕೆ ಹೊಂದುವುದಿಲ್ಲ.

8. ಟಿಬೆಟನ್ ಸಂಪ್ರದಾಯದ ಭಿಕ್ಷುಗಳಿದ್ದಲ್ಲಿ

ಸಕಲೇಶಪುರ, ಆಲೂರು ಭಾಗದವರು ಸೋಮವಾರಪೇಟೆ, ಕುಶಾಲನಗರ ಮಾರ್ಗವಾಗಿ ಮೈಸೂರು ಜಿಲ್ಲೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಹೋಗಬಹುದು. 1961ರಲ್ಲಿ ಆರಂಭವಾದ ಈ ಟಿಬೆಟನ್ ನೆಲೆಯಲ್ಲಿ ಸೆರಾ, ನಾಮ್‌ಡ್ರೋಲಿಂಗ್ ಮುಂತಾದ ಮಠಗಳಿವೆ. ಇಲ್ಲಿನ ಭಿಕ್ಷುಗಳು ಬೇರೆ ವಿನಯ ಪರಂಪರೆಗೆ ಸೇರಿದವರಾಗಿದ್ದು, ಕೈಗೆ ಒಪ್ಪಿಸುವ ವಿಧಿ ಹಾಗೂ ಹಣದ ವಿಷಯದಲ್ಲಿ ರೂಢಿ ಭಿನ್ನವಾಗಿದೆ. ಹಿರಿಯ ಗುರುಗಳಿಗೆ ಖಾದಾ ಎಂಬ ಬಿಳಿ ವಸ್ತ್ರವನ್ನು ಎರಡೂ ಕೈಗಳಲ್ಲಿ ಹಿಡಿದು ಅರ್ಪಿಸುತ್ತಾರೆ. ಸಂಘಕ್ಕೆ ಚಹಾ ಅಥವಾ ಭೋಜನ ನೀಡಲಿಚ್ಛಿಸುವವರು ಮಠದ ಕಚೇರಿಯಲ್ಲಿ ವಿಚಾರಿಸಿ, ಹಣ ಸಲ್ಲಿಸಿ ರಸೀದಿ ಪಡೆಯಬೇಕು. ಭಿಕ್ಷುಗಳಿಗಿಂತ ತಗ್ಗಿನಲ್ಲಿ ಕುಳಿತುಕೊಳ್ಳುವುದು, ಕಾಲು ಚಾಚದಿರುವುದು, ಪಾದರಕ್ಷೆ ಹೊರಗಿಡುವುದು ಇಲ್ಲಿಯೂ ಅನ್ವಯಿಸುತ್ತದೆ.

9. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಹೆಂಗಸರು ಭಿಕ್ಷುಗಳಿಗೆ ನೇರವಾಗಿ ಅರ್ಪಿಸಬಹುದೇ?
ಉತ್ತರ: ಹೆಂಗಸರಿಂದ ದಾನ ಸ್ವೀಕರಿಸಲು ವಿನಯದಲ್ಲಿ ನಿಷೇಧವಿಲ್ಲ. ಸ್ಪರ್ಶವಾಗದಂತೆ ಎಚ್ಚರ ವಹಿಸಬೇಕು. ಥಾಯ್ ಸಂಪ್ರದಾಯದ ಭಿಕ್ಷುಗಳು ಎದುರಿಗೆ ಒಂದು ಬಟ್ಟೆಯನ್ನು ಹಾಸಿ ಅದರ ತುದಿಯನ್ನು ಹಿಡಿದಿರುತ್ತಾರೆ. ವಸ್ತುವನ್ನು ಆ ಬಟ್ಟೆಯ ಮೇಲಿಡಬೇಕು. ಹೆಂಗಸರು ಒಬ್ಬರೇ ಭಿಕ್ಷುವಿನೊಂದಿಗೆ ಏಕಾಂತದಲ್ಲಿ ಕುಳಿತುಕೊಳ್ಳಬಾರದು.

ಪ್ರಶ್ನೆ: ಮುಟ್ಟಿನ ದಿನಗಳಲ್ಲಿ ಭಾಗವಹಿಸಬಹುದೇ?
ಉತ್ತರ: ವಿನಯದಲ್ಲಿ ಇದಕ್ಕೆ ಯಾವುದೇ ನಿರ್ಬಂಧವಿಲ್ಲ. ಅಡುಗೆ ಮಾಡಬಹುದು, ಬಡಿಸಬಹುದು, ಶೀಲ ಸ್ವೀಕರಿಸಬಹುದು.

ಪ್ರಶ್ನೆ: ಬೌದ್ಧರಲ್ಲದ ನೆರೆಹೊರೆಯವರು ದಾನದಲ್ಲಿ ಪಾಲ್ಗೊಳ್ಳಬಹುದೇ?
ಉತ್ತರ: ಪಾಲ್ಗೊಳ್ಳಬಹುದು. ಭಿಕ್ಷುವು ಯಾರ ಕೈಯಿಂದಲಾದರೂ ಭಿಕ್ಷೆಯನ್ನು ಸ್ವೀಕರಿಸುತ್ತಾರೆ. ಕೊಡುವವರ ಜಾತಿ, ಮತಗಳನ್ನು ವಿಚಾರಿಸುವುದಿಲ್ಲ. ತ್ರಿಶರಣವನ್ನು ಉಚ್ಚರಿಸಲು ಇಚ್ಛಿಸದವರು ಸುಮ್ಮನೆ ಕುಳಿತಿರಬಹುದು.

ಪ್ರಶ್ನೆ: ನಾಲ್ವರು ಭಿಕ್ಷುಗಳನ್ನು ಕರೆಸಲು ಶಕ್ತಿಯಿಲ್ಲದಿದ್ದಲ್ಲಿ ಏನು ಮಾಡಬೇಕು?
ಉತ್ತರ: ಸಂಘದ ಪರವಾಗಿ ಒಬ್ಬರನ್ನೇ ಕಳುಹಿಸುವಂತೆ ವಿಹಾರವನ್ನು ವಿನಂತಿಸಬಹುದು. ಬರುವವರು ಯಾರೆಂದು ದಾಯಕರು ಆರಿಸದೆ, ಸಂಘವನ್ನು ಮನಸ್ಸಿನಲ್ಲಿಟ್ಟು ಅರ್ಪಿಸಿದರೆ ಅದೂ ಸಂಘಕ್ಕೆ ಸಲ್ಲಿಸಿದ ದಾನವೇ ಆಗುತ್ತದೆ. ವಿಹಾರಕ್ಕೆ ಹೋಗಿ ಅಲ್ಲಿಯೇ ಒಂದು ಹೊತ್ತಿನ ಭೋಜನವನ್ನು ಅರ್ಪಿಸುವುದಕ್ಕೂ ಅವಕಾಶವಿರುತ್ತದೆ. ದಿನಾಂಕವನ್ನು ಮುಂಚಿತವಾಗಿ ಗೊತ್ತುಪಡಿಸಿಕೊಳ್ಳತಕ್ಕದ್ದು.